ಆಫರ್ ಬಂದ ಮೇಲೆ ಹೆಚ್ಚು ಸಂಬಳ ಕೇಳುವ ಮೇಲ್: ಮಾರುಕಟ್ಟೆಯ ಅಂಕಿಗಳನ್ನು ಮನಸ್ತಾಪವಾಗದಂತೆ ಹೇಗೆ ಮುಂದಿಡುವುದು?

ಮೈಸೂರು ಟೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಸರ್ವೀಸ್ ಕಂಪನಿಯಲ್ಲಿ ಟೆಸ್ಟ್ ಆಟೊಮೇಷನ್ ಕೆಲಸದಲ್ಲಿದ್ದೇನೆ. ಒಟ್ಟು ಅನುಭವ ಆರು ವರ್ಷ. ಬೆಂಗಳೂರಿನಲ್ಲಿ ಕೇಂದ್ರವಿರುವ ಒಂದು ವಿದೇಶಿ ಕಂಪನಿಯಿಂದ ಶುಕ್ರವಾರ ಸಂಜೆ ಆಫರ್ ಲೆಟರ್ ಬಂದಿದ್ದು, ಬುಧವಾರದೊಳಗೆ ಅವರ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡಬೇಕಾಗಿದೆ. ಈಗಿನ ಸಿಟಿಸಿ 13.2 ಲಕ್ಷ, ಅವರು ಕೊಟ್ಟಿರುವುದು 18 ಲಕ್ಷ. ಕೆಲಸ ನನಗೆ ತುಂಬಾ ಇಷ್ಟವಾಗಿದೆ. ಆದರೆ ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತಿದ್ದಾರೆ ಎಂಬುದು ನನ್ನ ಅಂದಾಜು. ಕೌಂಟರ್ ಆಫರ್ ಮೇಲ್ ಬರೆಯಬೇಕೆಂದಿದ್ದೇನೆ. ಕಳಿಸುವುದು ಇಂಗ್ಲಿಷಿನಲ್ಲೇ ಆದರೂ ಒಕ್ಕಣೆಯನ್ನು ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ. ದಯವಿಟ್ಟು ತಿದ್ದಿಕೊಡಿ.

> ಮಾನ್ಯರೇ, ಆಫರ್‌ಗೆ ಧನ್ಯವಾದಗಳು. ಆದರೆ ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್, ತಂದೆ ತಾಯಿಯ ಔಷಧದ ಖರ್ಚು ಇವನ್ನೆಲ್ಲ ನೋಡಿದರೆ 18 ಲಕ್ಷ ನನಗೆ ಸಾಲುವುದಿಲ್ಲ. ಆಂಬಿಷನ್‌ಬಾಕ್ಸ್‌ನಲ್ಲಿ ಈ ಹುದ್ದೆಗೆ 24 ಲಕ್ಷದವರೆಗೂ ಇದೆ ಎಂದು ತೋರಿಸುತ್ತದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಆದ್ದರಿಂದ 22ರಿಂದ 24 ಲಕ್ಷ ಕೊಡಬೇಕಾಗಿ ಕೋರುತ್ತೇನೆ. ಇಲ್ಲದಿದ್ದರೆ ಬೇರೆ ಅವಕಾಶಗಳನ್ನು ನೋಡುವುದು ಅನಿವಾರ್ಯವಾಗುತ್ತದೆ.

ಬೆಳಗಾವಿ ಬ್ಯಾಚ್

ಕೌಂಟರ್ ಆಫರ್ ಒಪ್ಪಿಕೊಳ್ಳಬೇಡಿ ಸರ್, ಇದು ನನ್ನ ಕಳಕಳಿಯ ಮಾತು. ರಾಜೀನಾಮೆ ಕೊಟ್ಟ ಮೇಲೆ ಹಳೆಯ ಕಂಪನಿಯವರು ಕರೆದು ಸಂಬಳ ಹೆಚ್ಚಿಸುತ್ತೇವೆ, ಇಲ್ಲೇ ಇರಿ ಎನ್ನುತ್ತಾರೆ. ಆದರೆ ಬಿಟ್ಟು ಹೋಗಲು ಹೊರಟಿದ್ದವನು ಎಂಬ ಮಾತು ಹೆಸರಿಗೆ ಅಂಟಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹಾಗೇ ಆಯಿತು. ಹೆಚ್ಚಿಸಿದ ಮೊತ್ತವನ್ನು ಮುಂದಿನ ಅಪ್ರೈಸಲ್‌ನಲ್ಲಿ ಮುಂಗಡ ಎಂಬಂತೆ ಲೆಕ್ಕ ಹಿಡಿದು, ಆ ವರ್ಷ ಏನೂ ಕೊಡಲಿಲ್ಲ.

ಮೈಸೂರು ಟೆಸ್ಟರ್

ಸರ್, ನಾನು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಹೊಸ ಕಂಪನಿಯವರ ಆಫರ್‌ಗೆ ನನ್ನ ಕಡೆಯಿಂದ ಮರುಬೇಡಿಕೆ ಇಡುವುದರ ಬಗ್ಗೆ ಕೇಳುತ್ತಿದ್ದೇನೆ.

ಬೆಳಗಾವಿ ಬ್ಯಾಚ್

ಓಹೋ, ಅದಾದರೆ ಇನ್ನೂ ಸುಲಭ. ಈಗಿನ ಸಿಟಿಸಿಯ ಮೇಲೆ ನೇರವಾಗಿ ಶೇಕಡ 80 ಕೇಳಿ, ಅವರು ಅರ್ಧ ಕತ್ತರಿಸುತ್ತಾರೆ, ನಿಮಗೆ ಬೇಕಾದದ್ದು ಸಿಗುತ್ತದೆ. 22ರಿಂದ 24 ಎಂದು ಮಾತ್ರ ಬರೆಯಬೇಡಿ, ಒಂದೇ ಅಂಕಿ ಬರೆಯಿರಿ. ಎರಡು ಅಂಕಿ ಕೊಟ್ಟರೆ ಅವರಿಗೆ ಕಾಣುವುದು ಕೆಳಗಿನದು ಮಾತ್ರ. ಕೈಯಲ್ಲಿ ಇನ್ನೊಂದು ಆಫರ್ ಇದೆ ಎಂದೂ ಸೇರಿಸಿ. ಹಾಗೆಯೇ ಈಗಿನ ಸಂಬಳ ಎಷ್ಟು ಎಂದು ಕೇಳುವುದು ಕಾನೂನಿನ ಪ್ರಕಾರ ತಪ್ಪು. ನೀವು ಹೇಳಬೇಕಾಗಿಯೇ ಇಲ್ಲ.

ಜಯನಗರ ರಿಕ್ರೂಟರ್

ನಾನು ಹದಿನಾಲ್ಕು ವರ್ಷದಿಂದ ನೇಮಕಾತಿ ವಿಭಾಗದಲ್ಲಿದ್ದೇನೆ, ಹೆಚ್ಚಿನ ಪಾಲು ಇಂಥ ವಿದೇಶಿ ಕಂಪನಿಗಳ ಬೆಂಗಳೂರು ಕೇಂದ್ರಗಳಲ್ಲಿ. ಮೊದಲು ಮೇಲಿನ ಉತ್ತರದ ಬಗ್ಗೆ ಒಂದು ಮಾತು. ಒಂದೇ ಅಂಕಿ ಬರೆಯಿರಿ ಎಂಬುದು ಸರಿ, ಅದನ್ನು ಹಾಗೆಯೇ ಪಾಲಿಸಿ. ಹಳೆಯ ಸಂಬಳ ಕೇಳಬಾರದು ಎಂಬ ಕಾನೂನು ಅಮೆರಿಕದ ಕೆಲವು ರಾಜ್ಯಗಳಲ್ಲಿದೆ. ಭಾರತದಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ತಡೆ ಇಲ್ಲ. ಇಲ್ಲಿ ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಕೇಳುವುದು ದಿನನಿತ್ಯದ ಪದ್ಧತಿ, ನೀವೂ ಈಗಾಗಲೇ ಕೊಟ್ಟಿರುತ್ತೀರಿ. ಇಲ್ಲದ ಆಫರ್ ಇದೆ ಎನ್ನುವುದಂತೂ ಬೇಡವೇ ಬೇಡ. "ಪ್ರತಿ ಕಳಿಸಿ, ಅದಕ್ಕೆ ಸರಿಗಟ್ಟುತ್ತೇವೆ" ಎಂದು ನಾವು ಮರುದಿನವೇ ಕೇಳುತ್ತೇವೆ, ಆಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಇನ್ನು ನಿಮ್ಮ ಮೇಲ್ ವಿಚಾರ. ನೀವು ಮೇಲ್ ಬರೆಯುತ್ತಿರುವುದು ನನ್ನಂಥ ರಿಕ್ರೂಟರ್‌ಗೆ, ಆದರೆ ತೀರ್ಮಾನ ಮಾಡುವವಳು ನಾನಲ್ಲ. ಆಫರ್‌ನಲ್ಲಿ ಒಂದು ರೂಪಾಯಿ ಬದಲಾಗಬೇಕಾದರೂ ನಾನು ಅದನ್ನು ತಂಡದ ಮ್ಯಾನೇಜರ್‌ಗೂ ಕಾಂಪೆನ್ಸೇಷನ್ ವಿಭಾಗಕ್ಕೂ ಕಳಿಸಿ, ಏಕೆ ಬದಲಾಗಬೇಕು ಎಂಬುದಕ್ಕೆ ಎರಡು ಸಾಲು ಕಾರಣ ಬರೆದು, ಅನುಮತಿ ತರಬೇಕು. ಬಹುತೇಕ ರಿಕ್ರೂಟರ್‌ಗಳು ಆ ಎರಡು ಸಾಲನ್ನು ತಾವೇ ಹೊಸದಾಗಿ ಬರೆಯುವುದಿಲ್ಲ, ಅಭ್ಯರ್ಥಿಯ ಮೇಲನ್ನೇ ಫಾರ್ವರ್ಡ್ ಮಾಡುತ್ತಾರೆ. ಆದ್ದರಿಂದ ನಿಮ್ಮನ್ನು ಎಂದೂ ನೋಡದ, ನಿಮ್ಮ ಜೊತೆ ಮಾತನಾಡದ ಒಬ್ಬ ವ್ಯಕ್ತಿ ಈ ಮೇಲನ್ನು ಓದುತ್ತಾನೆ ಎಂದುಕೊಂಡು ಬರೆಯಿರಿ. ಆ ವ್ಯಕ್ತಿಯ ಕಣ್ಣಿನಿಂದ ನೋಡಿದರೆ ಔಷಧದ ಖರ್ಚು ಸಹಾನುಭೂತಿಯ ವಿಷಯವೇ ಹೊರತು ಹುದ್ದೆಯ ಬೆಲೆಗೆ ಕಾರಣವಲ್ಲ. ನಿಮ್ಮ ಪಕ್ಕದ ಮೇಜಿನವನಿಗೆ ಅಂಥ ಖರ್ಚು ಇಲ್ಲ ಎಂದಾದರೆ ಅವನಿಗೆ ಕಡಿಮೆ ಕೊಡಬೇಕೇ ಎಂದು ಅವರು ಕೇಳುತ್ತಾರೆ. ಕೊನೆಯ ಸಾಲನ್ನು ಅವರು ಬೆದರಿಕೆ ಎಂದೇ ಓದುತ್ತಾರೆ, ನಿಮ್ಮ ಮನಸ್ಸಿನಲ್ಲಿ ಹಾಗಿಲ್ಲದಿದ್ದರೂ.

ಶೇಕಡ 80ರ ಲೆಕ್ಕವೂ ಇದೇ ಕಾರಣಕ್ಕೆ ನಡೆಯುವುದಿಲ್ಲ. ಪ್ರತಿ ಹುದ್ದೆಗೂ ಒಂದು ಬ್ಯಾಂಡ್ ಇರುತ್ತದೆ, ಅದರ ಮೇಲಿನ ತುದಿಗಿಂತ ಆಚೆಗಿನ ಅಂಕಿ ಬಂದರೆ ನಾನು ಫಾರ್ವರ್ಡ್ ಮಾಡುವ ಗೋಜಿಗೇ ಹೋಗುವುದಿಲ್ಲ, "ಬಜೆಟ್ ಇಲ್ಲ" ಎಂದು ಒಂದು ಸಾಲಿನ ಉತ್ತರ ಕಳಿಸುತ್ತೇನೆ.

ನನಗೆ ಎರಡು ವಿಷಯ ತಿಳಿಸಿ: ಆ 18 ಲಕ್ಷದ ವಿಂಗಡಣೆ ಏನು? ಸ್ಕ್ರೀನ್‌ಶಾಟ್ ಬಿಟ್ಟು ಬೇರೆ ಏನು ಮಾಹಿತಿ ನಿಮ್ಮ ಕೈಯಲ್ಲಿದೆ?

ಮೈಸೂರು ಟೆಸ್ಟರ್

ಧನ್ಯವಾದಗಳು ಮೇಡಂ. ಲೆಟರ್‌ನ ಕೊನೆಯ ಪುಟದಲ್ಲಿರುವುದು ಹೀಗಿದೆ: ಬೇಸಿಕ್ 7,00,000, ಎಚ್‌ಆರ್‌ಎ ಮತ್ತು ಸ್ಪೆಷಲ್ ಅಲೊವೆನ್ಸ್ ಸೇರಿ 7,80,000, ಕಂಪನಿಯ ಪಾಲಿನ ಪಿಎಫ್ 84,000, ಗ್ರಾಚ್ಯುಟಿ 33,670, ವಿಮೆ 22,330, ವೇರಿಯಬಲ್ ಪೇ 1,80,000. ಈಗಿನ ಕಂಪನಿಯಲ್ಲಿ ವೇರಿಯಬಲ್ ಇಲ್ಲ, ಗ್ರಾಚ್ಯುಟಿಯನ್ನು ಸಿಟಿಸಿಯಲ್ಲಿ ತೋರಿಸಿಲ್ಲ, ಪಿಎಫ್ ತಿಂಗಳಿಗೆ 1,800 ಮಾತ್ರ.

ಮಾಹಿತಿ ಎಂದರೆ, ಕಳೆದ ಎರಡು ತಿಂಗಳಲ್ಲಿ ಬೇರೆ ಇಬ್ಬರು ರಿಕ್ರೂಟರ್‌ಗಳು ಇಂಥದೇ ಕೇಂದ್ರಗಳ ಕೆಲಸಕ್ಕಾಗಿ ಫೋನ್ ಮಾಡಿದ್ದರು. ಒಬ್ಬರು ಫಿಕ್ಸೆಡ್ 17.5ರಿಂದ 19.5, ಇನ್ನೊಬ್ಬರು 18ರಿಂದ 20 ಲಕ್ಷ ಬಜೆಟ್ ಎಂದಿದ್ದರು. ನನ್ನ ಜೊತೆಗೇ ಸೇರಿದ್ದ ಇಬ್ಬರು ಈ ವರ್ಷ ಬೆಂಗಳೂರಿಗೆ ಹೋದರು, ಅವರ ಫಿಕ್ಸೆಡ್ 18 ಮತ್ತು 19. ಅವರ ಆಫರ್ ಲೆಟರ್‌ಗಳ ಫೋಟೊ ನನ್ನ ಬಳಿ ಇದೆ, ಲಗತ್ತಿಸಬಹುದೇ?

ಪಗಾರ ವಿಭಾಗ, ಹುಬ್ಬಳ್ಳಿ

ನಾನು ಪಗಾರದ ಲೆಕ್ಕ ಮಾಡುವವನು, ಆದ್ದರಿಂದ ವಿಂಗಡಣೆಯನ್ನು ನೋಡಿದ ಕೂಡಲೇ ಕೈ ಸುಮ್ಮನೆ ಕೂರಲಿಲ್ಲ. ಸಿಟಿಸಿಯಿಂದ ಸಿಟಿಸಿಗೆ ನೋಡಿದರೆ ನಿಮಗೆ ಶೇಕಡ 36 ಏರಿಕೆ. ಎಚ್‌ಆರ್‌ನವರು ಇದೇ ಅಂಕಿಯನ್ನು ನಿಮಗೆ ಹೇಳಿರುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ತಿಂಗಳ ಲೆಕ್ಕಕ್ಕೆ ಬನ್ನಿ. ಈಗ 13,20,000ದಲ್ಲಿ ವರ್ಷದ ಪಿಎಫ್ 21,600 ತೆಗೆದರೆ ಉಳಿಯುವುದು 12,98,400, ಅಂದರೆ ತಿಂಗಳಿಗೆ 1,08,200. ಹೊಸದರಲ್ಲಿ ತಿಂಗಳು ತಿಂಗಳು ಬರುವುದು ಬೇಸಿಕ್ ಮತ್ತು ಅಲೊವೆನ್ಸ್ ಮಾತ್ರ. 14,80,000ವನ್ನು ಹನ್ನೆರಡರಿಂದ ಭಾಗಿಸಿದರೆ 1,23,333. ಏರಿಕೆ ಸುಮಾರು 15,100, ಶೇಕಡ 14. ಇದರ ಮೇಲೆ ನಿಮ್ಮ ಪಾಲಿನ ಪಿಎಫ್ ಈಗಿನ 1,800ರ ಬದಲು 7,000 ಕಡಿತವಾಗುತ್ತದೆ. ಅಲ್ಲಿಗೆ ಆದಾಯ ತೆರಿಗೆಗೆ ಮೊದಲೇ ಕೈಗೆ ಬರುವ ಹೆಚ್ಚಳ ತಿಂಗಳಿಗೆ ಹತ್ತು ಸಾವಿರಕ್ಕೂ ಸ್ವಲ್ಪ ಕಡಿಮೆ. ಮೈಸೂರಿನ ಮನೆ ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆಗೆ ಹೋಗುವವರಿಗೆ ಇದು ಎಲ್ಲಿಗೂ ಸಾಲದು.

ಪಿಎಫ್ ನಿಮ್ಮದೇ ಹಣ, ಕಂಪನಿಯ ಪಾಲೂ ಅದಕ್ಕೆ ಸೇರುತ್ತದೆ, ಆದ್ದರಿಂದ ಅದನ್ನು ನಷ್ಟ ಎನ್ನಲಾಗದು. ಪಿಎಫ್ ಅನ್ನು 15,000 ರೂಪಾಯಿ ವೇತನ ಮಿತಿಯ ಮೇಲಷ್ಟೇ ಕಟ್ಟುವ ಆಯ್ಕೆಯನ್ನು ಕೆಲವು ಕಂಪನಿಗಳು ಸೇರುವ ಹೊತ್ತಿನಲ್ಲಿ ಕೊಡುತ್ತವೆ, ಅದನ್ನು ವಿಚಾರಿಸಬಹುದು. ವೇರಿಯಬಲ್ ಮಾತ್ರ ಬೇರೆ ಕಥೆ. ಕಳೆದ ವರ್ಷ ಎಷ್ಟು ಶೇಕಡ ಪಾವತಿಯಾಯಿತು ಎಂದು ಕೇಳಿ ತಿಳಿದುಕೊಳ್ಳುವವರೆಗೆ ಅದನ್ನು ಪೂರ್ತಿ ಸಂಬಳ ಎಂದು ಎಣಿಸಬೇಡಿ.

ಜಯನಗರ ರಿಕ್ರೂಟರ್

ಹುಬ್ಬಳ್ಳಿಯವರ ಲೆಕ್ಕ ಬಹಳ ಉಪಯುಕ್ತವಾಗಿದೆ, ಆದರೆ ಅದನ್ನು ಮೇಲ್‌ನಲ್ಲಿ ಬರೆಯಬೇಡಿ. "ನನ್ನ ನಿಜವಾದ ಏರಿಕೆ ಶೇಕಡ 14 ಮಾತ್ರ" ಎಂದು ಬರೆದ ಕೂಡಲೇ ಮಾತು ನಿಮ್ಮ ಹಳೆಯ ಸಂಬಳದ ಸುತ್ತ ತಿರುಗುತ್ತದೆ. ಆ ಜಾಗದಲ್ಲಿ ನೀವು ದುರ್ಬಲರು. ನಿಮ್ಮ ಹಳೆಯ ಸಂಬಳ ಮೈಸೂರಿನ ಸರ್ವೀಸ್ ಕಂಪನಿಯ ಬೆಲೆ, ಈ ಹುದ್ದೆಯದು ಬೆಂಗಳೂರಿನ ಬೆಲೆ. ಆ ಲೆಕ್ಕ ನಿಮಗಾಗಿ ಮಾಡಿದ್ದು: ಏನು ಕೇಳಬೇಕು ಎಂಬುದನ್ನು ಅದು ತೋರಿಸುತ್ತದೆ. ಸಿಟಿಸಿ ಹೆಚ್ಚಿಸಿ ಎಂದು ಕೇಳಿದರೆ ವೇರಿಯಬಲ್ ಅನ್ನು ದೊಡ್ಡದು ಮಾಡಿ 20 ಲಕ್ಷ ಎಂದು ತೋರಿಸಿಬಿಡಬಹುದು. ಆದ್ದರಿಂದ ಫಿಕ್ಸೆಡ್ ಹೆಚ್ಚಿಸಿ ಎಂದೇ ಕೇಳಿ. ನಿಮ್ಮ ಆಫರ್‌ನಲ್ಲಿ ವೇರಿಯಬಲ್ ಬಿಟ್ಟು ಉಳಿದದ್ದು 16.2 ಲಕ್ಷ.

ಈಗ ಪುರಾವೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಮೇಲ್‌ಗಳು ಕೆಡುವುದು ಇಲ್ಲೇ. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ಮುಂತಾದವುಗಳಲ್ಲಿರುವುದು ಜನ ತಾವೇ ತುಂಬಿದ ಅಂಕಿ. ಒಂದೇ ಹುದ್ದೆಯ ಹೆಸರಿನ ಕೆಳಗೆ ಮೂರು ವರ್ಷದವರು ಹತ್ತು ವರ್ಷದವರು ಸೇರಿಕೊಂಡಿರುತ್ತಾರೆ, ಕೆಲವರು ಸಿಟಿಸಿ ಬರೆದರೆ ಕೆಲವರು ಫಿಕ್ಸೆಡ್ ಬರೆದಿರುತ್ತಾರೆ, ಹಳೆಯ ವರ್ಷಗಳ ಅಂಕಿಯೂ ಅದರೊಳಗಿರುತ್ತದೆ. ನೀವು ಅದರ ಮೇಲಿನ ತುದಿಯನ್ನು ಎತ್ತಿ ತೋರಿಸಿದ್ದೀರಿ. ಅವರು ಅದೇ ಪುಟದ ಸರಾಸರಿಯನ್ನು ತೋರಿಸಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಕಾಂಪೆನ್ಸೇಷನ್ ವಿಭಾಗದವರು ದುಡ್ಡು ಕೊಟ್ಟು ತರಿಸಿದ ಸಮೀಕ್ಷೆಗಳನ್ನು ಇಟ್ಟುಕೊಂಡಿರುತ್ತಾರೆ, ಅವರಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ ಎಳಸುತನವಾಗಿ ಕಾಣುತ್ತದೆ.

ಅದಕ್ಕೆ ಹೋಲಿಸಿದರೆ ನಿಮ್ಮ ಇಬ್ಬರು ರಿಕ್ರೂಟರ್‌ಗಳ ಮಾತು ಗಟ್ಟಿ, ಏಕೆಂದರೆ ಅದು ಈ ತಿಂಗಳುಗಳಲ್ಲಿ ಒಂದು ಕಂಪನಿ ಕೊಡಲು ಸಿದ್ಧವಿರುವ ಹಣ. ನಾಲ್ಕು ವಿಷಯ ಹೊಂದಿಕೆಯಾಗಬೇಕು: ಊರು, ಅನುಭವದ ವರ್ಷ, ಕಂಪನಿಯ ಬಗೆ, ಮತ್ತು ಫಿಕ್ಸೆಡ್‌ಗೆ ಫಿಕ್ಸೆಡ್. ನಿಮ್ಮಲ್ಲಿ ನಾಲ್ಕೂ ಹೊಂದುತ್ತವೆ. ಸ್ನೇಹಿತರ ಲೆಟರ್ ಲಗತ್ತಿಸಬೇಡಿ. ಅದರಲ್ಲಿ ಗೋಪ್ಯತೆಯ ಷರತ್ತು ಇರುತ್ತದೆ, ಮತ್ತು ಬೇರೆಯವರ ಪತ್ರವನ್ನು ಹೀಗೆ ಹಂಚುವವನು ನಮ್ಮದನ್ನೂ ಹಂಚುತ್ತಾನೆ ಎಂದು ನಮಗೆ ಅನ್ನಿಸುತ್ತದೆ. ಹೆಸರು, ಕಂಪನಿ ಯಾವುದೂ ಇಲ್ಲದೆ ಅಂಕಿಯನ್ನಷ್ಟೇ ಹೇಳಿ. ಮತ್ತೆ, ಇದು ಸಣ್ಣ ಮಾದರಿ ಎಂಬುದನ್ನು ನೀವೇ ಒಪ್ಪಿಕೊಳ್ಳಿ. ಅದನ್ನು ನೀವು ಹೇಳದಿದ್ದರೆ ಅವರು ಹೇಳುತ್ತಾರೆ, ಆಗ ಅದು ಆಕ್ಷೇಪಣೆಯಾಗುತ್ತದೆ.

ಕೇಳಬೇಕಾದ ಅಂಕಿ ನಿಮ್ಮ ಪುರಾವೆಯ ಒಳಗೇ ಇರಲಿ. ನಿಮ್ಮ ಅಂಕಿಗಳು 17.5ರಿಂದ 20ರ ನಡುವೆ ಇವೆ, 18.5 ಕೇಳಿದರೆ ಅದು ನಡುವಿಗಿಂತ ತುಸು ಕೆಳಗೆ ಬೀಳುತ್ತದೆ, ಯಾರೂ ಅತಿ ಎನ್ನಲಾಗದು, ಮತ್ತು 16.2ರ ಮೇಲೆ ಶೇಕಡ 14 ಹೆಚ್ಚು. 20 ಕೇಳಿದರೂ ಪುರಾವೆಯೊಳಗೇ ಇರುತ್ತೀರಿ, ಆದರೆ ತುದಿಯಲ್ಲಿ ನಿಂತಂತಾಗುತ್ತದೆ.

ಸನ್ನಿವೇಲ್ ಶಿವಮೊಗ್ಗ

ನನ್ನ ಅನುಭವವನ್ನೂ ಹೇಳುತ್ತೇನೆ, ನಿಮ್ಮದಕ್ಕಿಂತ ಸುಲಭವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವಂತಿಲ್ಲ, 2023ರ ಜನವರಿಯಿಂದ 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಜಾಹೀರಾತಿನಲ್ಲೇ ವೇತನದ ವ್ಯಾಪ್ತಿ ಬರೆಯಬೇಕು. ಜೊತೆಗೆ ಎಚ್‌1ಬಿಗಾಗಿ ಕಂಪನಿಗಳು ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿಗಳ ದತ್ತಾಂಶ ಸಾರ್ವಜನಿಕವಾಗಿದ್ದು, ಯಾವ ಕಂಪನಿ ಯಾವ ಊರಿನಲ್ಲಿ ಯಾವ ಹುದ್ದೆಗೆ ಎಷ್ಟು ಮೂಲ ವೇತನ ತೋರಿಸಿದೆ ಎಂಬುದು ಸಿಗುತ್ತದೆ. ನಾನು ಬರೆದದ್ದು ಇಷ್ಟೇ: ನಿಮ್ಮದೇ ಜಾಹೀರಾತಿನ ವ್ಯಾಪ್ತಿ ಇಷ್ಟು, ನನಗೆ ಕೊಟ್ಟಿರುವುದು ಅದರ ಕೆಳಗಿನ ಕಾಲು ಭಾಗದಲ್ಲಿದೆ, ಕೇಳಿದ ಅನುಭವಕ್ಕಿಂತ ನನ್ನದು ಹೆಚ್ಚಿದೆ, ಆದ್ದರಿಂದ ನಡುಭಾಗಕ್ಕೆ ತರಲು ಸಾಧ್ಯವೇ? ಎರಡೇ ದಿನದಲ್ಲಿ ಒಪ್ಪಿದರು. ನಿಮ್ಮ ಕಂಪನಿಯ ಬೆಂಗಳೂರಿನ ಜಾಹೀರಾತಿನಲ್ಲಿ ವ್ಯಾಪ್ತಿ ಇದೆಯೇ ನೋಡಿ. ಇದ್ದರೆ ಅದರಷ್ಟು ಬಲವಾದ ಪುರಾವೆ ಇನ್ನೊಂದಿಲ್ಲ, ಏಕೆಂದರೆ ಅದು ಅವರದೇ ಮಾತು.

ಮೈಸೂರು ಟೆಸ್ಟರ್

ನೋಡಿದೆ ಮೇಡಂ, ನೌಕ್ರಿಯಲ್ಲಿ "ವೇತನ ಬಹಿರಂಗಪಡಿಸಿಲ್ಲ" ಎಂದೇ ಇದೆ. ಆದರೆ ಅನುಭವ 5ರಿಂದ 8 ವರ್ಷ ಎಂದಿದೆ. ನನ್ನ ಆರು ವರ್ಷ ಅದರ ಒಳಗೇ ಬರುತ್ತದೆ.

ಮಲ್ಲೇಶ್ವರಂ ಮ್ಯಾನೇಜರ್

ನಾನು ತಂಡ ಕಟ್ಟುವ ಕಡೆಯವನು, ಆದ್ದರಿಂದ ಇನ್ನೊಂದು ಮಗ್ಗುಲಿನಿಂದ ಹೇಳುತ್ತೇನೆ. ಮೇಲ್ ಕಳಿಸುವ ಮೊದಲು ರಿಕ್ರೂಟರ್‌ಗೆ ಒಂದು ಫೋನ್ ಮಾಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏಕಾಏಕಿ ಬರವಣಿಗೆಯಲ್ಲಿ ಬೇಡಿಕೆ ಬಂದರೆ ಅದು ಎಷ್ಟೇ ನಯವಾಗಿದ್ದರೂ ಬಿಗಿಯಾಗಿ ಕಾಣುತ್ತದೆ. ಫೋನಿನಲ್ಲಿ "ಆಫರ್ ಬಗ್ಗೆ ಒಂದು ವಿನಂತಿ ಇದೆ, ಮೇಲ್ ಮಾಡಲೇ?" ಎಂದರೆ ಸಾಕು, ಅಂಕಿ ಹೇಳಬೇಕಾಗಿಲ್ಲ.

ನನಗೆ ಮೇಲ್‌ನಲ್ಲಿ ಬೇಕಾದದ್ದು ಇನ್ನೊಂದಿದೆ. ರಿಕ್ರೂಟರ್ ನನ್ನ ಬಳಿ ಬಂದು ಇವರು ಹೆಚ್ಚು ಕೇಳುತ್ತಿದ್ದಾರೆ ಎಂದಾಗ ನಾನು ಮೊದಲು ನೋಡುವುದು, ಈಗಾಗಲೇ ತಂಡದಲ್ಲಿರುವ ಇದೇ ಮಟ್ಟದವರಿಗೆ ಎಷ್ಟು ಸಿಗುತ್ತಿದೆ ಎಂಬುದನ್ನು. ಹೊಸಬರಿಗೆ ಅವರಿಗಿಂತ ಹೆಚ್ಚು ಕೊಟ್ಟರೆ ನಾಳೆ ಅದು ಹೊರಬಿದ್ದೇ ಬೀಳುತ್ತದೆ. ಮಾರುಕಟ್ಟೆಯ ಅಂಕಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ; ನೀವು ತಂಡಕ್ಕೆ ಏನು ತರುತ್ತೀರಿ ಎಂಬ ಒಂದು ನಿರ್ದಿಷ್ಟ ಸಾಲು ಕೊಡುತ್ತದೆ. ಇಂಟರ್‌ವ್ಯೂನಲ್ಲಿ ನೀವು ಮಾತನಾಡಿದ ಕೆಲಸವನ್ನೇ ನೆನಪಿಸಿ, ಹೊಗಳಿಕೊಳ್ಳದೆ.

ಫಿಕ್ಸೆಡ್ ಆಗದಿದ್ದರೆ ಜಾಯ್ನಿಂಗ್ ಬೋನಸ್ ಆದರೂ ಸರಿ ಎಂದು ಮೊದಲ ಮೇಲ್‌ನಲ್ಲೇ ಬರೆದುಬಿಡಿ. ಅದು ಒಂದು ಸಲದ ಖರ್ಚು, ತಂಡದೊಳಗಿನ ಹೋಲಿಕೆಯನ್ನು ಕೆಡಿಸುವುದಿಲ್ಲ, ನನಗೆ ಒಪ್ಪಿಗೆ ತರಲು ಎಷ್ಟೋ ಸುಲಭ.

ಜಯನಗರ ರಿಕ್ರೂಟರ್

ಫೋನ್ ವಿಚಾರದಲ್ಲಿ ಅಡ್ಡಿಯಿಲ್ಲ. ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೊದಲ ಮೇಲ್‌ನಲ್ಲೇ ಎರಡು ದಾರಿ ತೋರಿಸಿದರೆ ಅಗ್ಗದ ದಾರಿ ಆರಿಸುವುದು ನಮ್ಮ ಕೆಲಸ. ಬೋನಸ್ ಒಂದು ವರ್ಷಕ್ಕೆ ಮುಗಿಯುತ್ತದೆ, ಫಿಕ್ಸೆಡ್ ಮೇಲೆ ಮುಂದಿನ ಪ್ರತಿ ಅಪ್ರೈಸಲ್‌ನ ಶೇಕಡಾವಾರು ನಿಂತಿರುತ್ತದೆ. ಅವರು ಇಲ್ಲ ಎಂದ ಮೇಲೆ ಬೋನಸ್ ಮಾತು ಎತ್ತಲಿ.

ಮಲ್ಲೇಶ್ವರಂ ಮ್ಯಾನೇಜರ್

ಇಲ್ಲ ಎಂದ ಮೇಲೆ ಮತ್ತೆ ಮೇಲ್ ಬಂದರೆ ಅದು ಎರಡನೆಯ ಸುತ್ತಿನ ಚೌಕಾಸಿಯಾಗುತ್ತದೆ. ನನ್ನ ಕಡೆ ತಾಳ್ಮೆ ಕಡಿಮೆಯಾಗುವುದು ಅಲ್ಲೇ. ನಾವಿಬ್ಬರೂ ನಮ್ಮ ನಮ್ಮ ಕುರ್ಚಿಯಿಂದ ಮಾತನಾಡುತ್ತಿದ್ದೇವೆ, ಅವರೇ ತೀರ್ಮಾನಿಸಲಿ.

ಕೋಲಾರ ಕಿರಿಯ

ಎಲ್ಲರೂ ಹೇಗೆ ಕೇಳಬೇಕು ಎಂದೇ ಹೇಳುತ್ತಿದ್ದೀರಿ. ಹೆಚ್ಚು ಕೇಳಿದ್ದಕ್ಕೆ ಆಫರ್ ಅನ್ನೇ ಹಿಂತೆಗೆದುಕೊಂಡರೆ ಏನು ಗತಿ? ನನಗೆ ಎರಡು ವರ್ಷದ ಅನುಭವವಷ್ಟೇ ಇದೆ, ಆ ಹೆದರಿಕೆಗೆ ನಾನು ಕೊಟ್ಟಿದ್ದನ್ನು ಕೊಟ್ಟ ಹಾಗೆ ಒಪ್ಪಿಕೊಂಡೆ.

ಜಯನಗರ ರಿಕ್ರೂಟರ್

ಒಂದು ಸಲ ಮರ್ಯಾದೆಯಿಂದ ಕೇಳಿದ್ದಕ್ಕೆ ಆಫರ್ ಹಿಂತೆಗೆದದ್ದನ್ನು ನಾನು ನೋಡಿಲ್ಲ. ಹೆಚ್ಚೆಂದರೆ ಇಲ್ಲ ಎನ್ನುತ್ತಾರೆ. ಹಿಂತೆಗೆದದ್ದನ್ನು ನೋಡಿರುವುದು ಎರಡು ಸಂದರ್ಭಗಳಲ್ಲಿ. ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದ ಮೇಲೆ, ನೋಟಿಸ್ ಅವಧಿಯ ನಡುವೆ ಬಂದು ಮತ್ತೆ ಸಂಬಳದ ಮಾತು ಎತ್ತಿದಾಗ ಒಂದು. ಎರಡನೆಯದು, ಅಷ್ಟೇ ಯೋಗ್ಯತೆಯ ಇನ್ನೊಬ್ಬರು ಕಾದಿರುವಾಗ ಮೂರನೆಯ ಸಲ ಅಂಕಿ ಬದಲಿಸಿದಾಗ. ಕಿರಿಯರಿಗೆ ಜಾಗ ಕಡಿಮೆ ಎಂಬುದು ನಿಜ. ಎರಡು ವರ್ಷದವರ ಬ್ಯಾಂಡ್ ಇಕ್ಕಟ್ಟಾಗಿರುತ್ತದೆ, ಕಾಲೇಜಿನಿಂದ ಒಟ್ಟಿಗೆ ಸೇರಿದವರಿಗೆಲ್ಲ ಒಂದೇ ಅಂಕಿ ಇರುವುದೂ ಉಂಟು. ನೀವು ಒಪ್ಪಿಕೊಂಡದ್ದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸುವುದಿಲ್ಲ.

ಮೈಸೂರು ಟೆಸ್ಟರ್

ಸೋಮವಾರ ಬೆಳಗ್ಗೆ ಫೋನ್ ಮಾಡಿ ಮೇಲ್ ಕಳಿಸುತ್ತೇನೆ ಎಂದು ಹೇಳಿದೆ, ಆಗಲಿ ಎಂದರು. ವೇರಿಯಬಲ್ ಬಗ್ಗೆಯೂ ವಿಚಾರಿಸಿದೆ, ಕಳೆದ ವರ್ಷ ಶೇಕಡ 85 ಪಾವತಿಯಾಗಿದೆಯಂತೆ. ಬೋನಸ್ ಮಾತನ್ನು ಬರೆದಿಲ್ಲ, ರಿಕ್ರೂಟರ್ ಮೇಡಂ ಹೇಳಿದ ಹಾಗೆ ಮಾಡಿದ್ದೇನೆ. ನನ್ನ ನೋಟಿಸ್ ಅವಧಿ 90 ದಿನವಾದರೂ 60 ದಿನಕ್ಕೆ ಬಿಡುಗಡೆ ಮಾಡಲು ಈಗಿನ ಮ್ಯಾನೇಜರ್ ಒಪ್ಪುವ ಸಾಧ್ಯತೆ ಇದೆ, ಅದನ್ನು ಸೇರಿಸಿದ್ದೇನೆ. ಹೊಸ ಒಕ್ಕಣೆ ಇದು:

> ವಿಷಯ: ಸೀನಿಯರ್ ಟೆಸ್ಟ್ ಇಂಜಿನಿಯರ್ ಆಫರ್ – ಫಿಕ್ಸೆಡ್ ವೇತನದ ಬಗ್ಗೆ ಒಂದು ವಿನಂತಿ
>
> ಮಾನ್ಯರೇ,
>
> ಶುಕ್ರವಾರ ಕಳಿಸಿದ ಆಫರ್‌ಗೆ ಧನ್ಯವಾದಗಳು. ಪಾವತಿ ವಿಭಾಗದ ರಿಗ್ರೆಷನ್ ಪರೀಕ್ಷೆಗಳನ್ನು ಪ್ರತಿ ರಾತ್ರಿಯ ಬಿಲ್ಡ್‌ಗೆ ಜೋಡಿಸುವ ಕೆಲಸದ ಬಗ್ಗೆ ಮೂರನೆಯ ಸುತ್ತಿನಲ್ಲಿ ನಡೆದ ಮಾತುಕತೆಯ ನಂತರ, ಈ ತಂಡಕ್ಕೇ ಸೇರಬೇಕೆಂಬ ನನ್ನ ಇಚ್ಛೆ ಗಟ್ಟಿಯಾಗಿದೆ. ಇದೇ ಬಗೆಯ ಜೋಡಣೆಯನ್ನು ಈಗಿನ ಪ್ರಾಜೆಕ್ಟ್‌ನಲ್ಲಿ ಆರಂಭದಿಂದ ನಾನೇ ಮಾಡಿರುವುದರಿಂದ ಮೊದಲ ತಿಂಗಳುಗಳಲ್ಲೇ ಅದನ್ನು ಕೈಗೆತ್ತಿಕೊಳ್ಳಬಲ್ಲೆ.
>
> ಒಪ್ಪಿಗೆ ಕೊಡುವ ಮೊದಲು, ಫಿಕ್ಸೆಡ್ ಭಾಗವನ್ನು 16.2 ಲಕ್ಷದಿಂದ 18.5 ಲಕ್ಷಕ್ಕೆ ಪರಿಷ್ಕರಿಸಲು ಸಾಧ್ಯವೇ ಎಂದು ಕೇಳಬಯಸುತ್ತೇನೆ. ವೇರಿಯಬಲ್ ಈಗಿರುವಂತೆಯೇ ಇರಲಿ.
>
> ಕಳೆದ ಎರಡು ತಿಂಗಳಲ್ಲಿ, ಬೆಂಗಳೂರಿನ ಇಂಥದೇ ಕೇಂದ್ರಗಳಲ್ಲಿ ನನ್ನಷ್ಟೇ ಅನುಭವ ಬಯಸುವ ಟೆಸ್ಟ್ ಆಟೊಮೇಷನ್ ಹುದ್ದೆಗಳಿಗೆ ಇಬ್ಬರು ರಿಕ್ರೂಟರ್‌ಗಳು ತಿಳಿಸಿದ ಫಿಕ್ಸೆಡ್ ಬಜೆಟ್ 17.5ರಿಂದ 20 ಲಕ್ಷದ ನಡುವೆ ಇತ್ತು. ಇದೇ ಅನುಭವದ ಇಬ್ಬರು ಪರಿಚಿತರು ಈ ವರ್ಷ ಒಪ್ಪಿಕೊಂಡ ಫಿಕ್ಸೆಡ್ 18 ಮತ್ತು 19 ಲಕ್ಷ. ಇದು ಸಣ್ಣ ಮಾದರಿ ಎಂಬುದು ನನಗೆ ತಿಳಿದಿದೆ. ನಿಮ್ಮ ಬಳಿಯ ಮಾಹಿತಿ ಬೇರೆ ಇದ್ದರೆ ಅದನ್ನು ಕೇಳಲು ಸಿದ್ಧನಿದ್ದೇನೆ.
>
> ನನ್ನ ನೋಟಿಸ್ ಅವಧಿ 90 ದಿನ. 60 ದಿನಕ್ಕೆ ಬಿಡುಗಡೆ ಪಡೆಯಲು ಪ್ರಯತ್ನಿಸುತ್ತೇನೆ, ಖಚಿತವಾದ ಕೂಡಲೇ ತಿಳಿಸುತ್ತೇನೆ. ಇದನ್ನು ಪರಿಶೀಲಿಸಲು ಬುಧವಾರದ ಆಚೆಗೆ ಸಮಯ ಬೇಕಾದರೆ ಪೋರ್ಟಲ್‌ನ ಗಡುವನ್ನು ಮುಂದೂಡಲು ವಿನಂತಿಸುತ್ತೇನೆ.
>
> ವಂದನೆಗಳೊಂದಿಗೆ

ಜಯನಗರ ರಿಕ್ರೂಟರ್

ಇದನ್ನು ನಾನು ಒಂದಕ್ಷರ ಬದಲಿಸದೆ ಫಾರ್ವರ್ಡ್ ಮಾಡಬಲ್ಲೆ. ಗಡುವಿನ ಸಾಲು ಸೇರಿಸಿದ್ದು ಜಾಣತನ. ಅನೇಕರು ಉತ್ತರ ಕಾಯುತ್ತಾ ಪೋರ್ಟಲ್ ಮುಚ್ಚಿಹೋಗುವವರೆಗೆ ಸುಮ್ಮನಿರುತ್ತಾರೆ, ಆಮೇಲೆ ಆಫರ್ ಅನ್ನು ಮತ್ತೆ ಹೊರಡಿಸಲು ನಾವು ಹೊಸದಾಗಿ ಅನುಮತಿ ತರಬೇಕಾಗುತ್ತದೆ. 60 ದಿನದ ಬಗ್ಗೆ ಪ್ರಯತ್ನ ಎಂದಷ್ಟೇ ಬರೆದದ್ದೂ ಸರಿ. ಈಗಿನ ಕಂಪನಿ ಲಿಖಿತವಾಗಿ ಒಪ್ಪದೆ ಮಾತು ಕೊಡಬೇಡಿ.

ಬೆಳಗಾವಿ ಬ್ಯಾಚ್

ಮೇಲ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ 18.5 ಕಡಿಮೆಯಾಯಿತು. 20 ಕೇಳಿದ್ದರೆ 18.5ಕ್ಕೆ ನಿಲ್ಲುತ್ತಿತ್ತು.

ಮೈಸೂರು ಟೆಸ್ಟರ್

ಉತ್ತರ ಬಂದಿದೆ. ಗಡುವನ್ನು ಶುಕ್ರವಾರಕ್ಕೆ ಮುಂದೂಡಿದರು, ಗುರುವಾರ ಮಧ್ಯಾಹ್ನ ಫೋನ್ ಬಂತು. ಈ ಮಟ್ಟದಲ್ಲಿ ತಂಡದಲ್ಲಿರುವವರ ಸಂಬಳ ನೋಡಿದರೆ 18.5 ಆಗದು ಎಂದರು, ಮಲ್ಲೇಶ್ವರಂ ಸರ್ ಹೇಳಿದ ಕಾರಣವೇ ಅಕ್ಷರಶಃ ಬಂತು. ಫಿಕ್ಸೆಡ್ 17.4 ಲಕ್ಷ, ವೇರಿಯಬಲ್ ಹಾಗೆಯೇ 1.8, ಒಟ್ಟು 19.2. ನಾನು ಕೇಳದೆಯೇ ಜಾಯ್ನಿಂಗ್ ಬೋನಸ್ 75,000 ಸೇರಿಸಿದ್ದಾರೆ. ರಿಕ್ರೂಟರ್ ಕೊನೆಯಲ್ಲಿ, ನಿಮ್ಮ ಮೇಲನ್ನು ಹಾಗೆಯೇ ಮೇಲಕ್ಕೆ ಕಳಿಸಿದ್ದೆ ಎಂದರು. ಒಪ್ಪಿಕೊಳ್ಳುವ ಮನಸ್ಸಿದೆ.

ಹೊಸ ಲೆಟರ್‌ನಲ್ಲಿ ಒಂದು ಷರತ್ತು ಮಾತ್ರ ಕಾಡುತ್ತಿದೆ: 12 ತಿಂಗಳೊಳಗೆ ಬಿಟ್ಟರೆ ಬೋನಸ್‌ನ ಪೂರ್ತಿ 75,000 ಹಿಂದಿರುಗಿಸಬೇಕು ಎಂದಿದೆ. ಇದಕ್ಕಾಗಿ ಮತ್ತೆ ಮೇಲ್ ಬರೆದರೆ ಅತಿಯಾಗುತ್ತದೆಯೇ?

ಪಗಾರ ವಿಭಾಗ, ಹುಬ್ಬಳ್ಳಿ

ಇದು ಚೌಕಾಸಿಯಲ್ಲ, ಷರತ್ತಿನ ಸ್ಪಷ್ಟೀಕರಣ, ಧೈರ್ಯವಾಗಿ ಕೇಳಿ. ಬೋನಸ್ ಬರುವಾಗ ಟಿಡಿಎಸ್ ಕಡಿತವಾಗಿ ಬರುತ್ತದೆ, ಆದರೆ ವಾಪಸು ಕೇಳುವಾಗ ಪೂರ್ತಿ ಮೊತ್ತ ಕೇಳುತ್ತಾರೆ. ನಡುವಿನ ತೆರಿಗೆಯನ್ನು ಮರಳಿ ಪಡೆಯುವುದು, ಅದೂ ಮಾರ್ಚ್ ದಾಟಿ ಹೊಸ ಆರ್ಥಿಕ ವರ್ಷ ಶುರುವಾಗಿದ್ದರೆ, ಬಹಳ ತಲೆನೋವಿನ ಕೆಲಸ. ಉಳಿದ ತಿಂಗಳುಗಳ ಪ್ರಮಾಣದಲ್ಲಿ ಮಾತ್ರ ಹಿಂದಿರುಗಿಸುವಂತೆ ತಿದ್ದಲು ಸಾಧ್ಯವೇ ಎಂದು ಒಂದೇ ಸಾಲಿನಲ್ಲಿ ಕೇಳಿ.

ಮಲ್ಲೇಶ್ವರಂ ಮ್ಯಾನೇಜರ್

ಕೇಳಬಹುದು, ಆದರೆ ಅದೇ ಮೇಲ್‌ನ ಮೊದಲ ಸಾಲಿನಲ್ಲಿ ಸಂಬಳಕ್ಕೆ ಒಪ್ಪಿಗೆ ಇದೆ ಎಂದು ಬರೆದುಬಿಡಿ. ಇಲ್ಲದಿದ್ದರೆ ಇನ್ನೊಂದು ಸುತ್ತು ಶುರುವಾಯಿತು ಎಂದುಕೊಳ್ಳುತ್ತಾರೆ.

ಜಯನಗರ ರಿಕ್ರೂಟರ್

ನಮ್ಮಲ್ಲಿ ಆ ಷರತ್ತು ಅಚ್ಚಾದ ನಮೂನೆಯಲ್ಲೇ ಇರುತ್ತದೆ, ಒಬ್ಬರಿಗಾಗಿ ಬದಲಿಸಲು ಕಾನೂನು ವಿಭಾಗ ಒಪ್ಪುವುದು ಅಪರೂಪ. ಕೇಳಿ, ಬೇಡ ಎನ್ನುವುದಿಲ್ಲ; ಆದರೆ ಆ ಉತ್ತರಕ್ಕಾಗಿ ಶುಕ್ರವಾರದ ಗಡುವು ದಾಟಿಸಬೇಡಿ.

ಮೈಸೂರು ಟೆಸ್ಟರ್

ಸರಿ ಮೇಡಂ. ಒಪ್ಪಿಗೆಯ ಸಾಲನ್ನು ಮೊದಲಿಟ್ಟು ಈಗಷ್ಟೇ ಮೇಲ್ ಕಳಿಸಿದ್ದೇನೆ. ನಾಳೆ ಸಂಜೆ ಐದರವರೆಗೆ ಕಾಯ್ದು, ಉತ್ತರ ಬರಲಿ ಬಿಡಲಿ, ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಡುತ್ತೇನೆ.